ತೂಕ ಸರಿಯಿದ್ದರೂ ಪಿಸಿಒಎಸ್ ಬರಬಹುದು: ವೈದ್ಯರು ಪತ್ತೆ ಹಚ್ಚುವುದು ಹೇಗೆ?

ಪಿಸಿಒಎಸ್ ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ದಪ್ಪ ಮೈ. ಹಾಗಾಗಿ ತೆಳ್ಳಗಿರುವ ಯುವತಿಗೆ ಮುಟ್ಟು ತಡವಾದರೆ 'ಟೆನ್ಷನ್ ಇರಬೇಕು, ಸರಿಹೋಗುತ್ತದೆ' ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಈ ಸಮಸ್ಯೆಯನ್ನು ಗುರುತಿಸುವ ಮಾನದಂಡಗಳಲ್ಲಿ ತೂಕದ ಪ್ರಸ್ತಾಪವೇ ಇಲ್ಲ.

2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿದ ಸೂತ್ರವೇ ಇಂದಿಗೂ ಆಧಾರ. ಮೂರು ಲಕ್ಷಣಗಳಲ್ಲಿ ಎರಡು ಇರಬೇಕು: ಏರುಪೇರಾದ ಋತುಚಕ್ರ, ಪುರುಷ ಹಾರ್ಮೋನ್ ಹೆಚ್ಚಳ, ಸ್ಕ್ಯಾನಿಂಗ್‌ನಲ್ಲಿ ಹೆಚ್ಚು ಸಣ್ಣ ಕೋಶಗಳು ಕಾಣುವ ಅಂಡಾಶಯ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ರಕ್ತಪರೀಕ್ಷೆಯನ್ನೂ ಬಳಸಬಹುದು.

ಒಂದು ಉದಾಹರಣೆ ನೋಡೋಣ. 24 ವರ್ಷದ ಯುವತಿ, ಎತ್ತರ 158 ಸೆಂ.ಮೀ., ತೂಕ 52 ಕೆ.ಜಿ. ಅಂದರೆ ಬಿಎಂಐ ಸುಮಾರು 21, ಏನೂ ತೊಂದರೆಯಿಲ್ಲ. ಆದರೆ ಮುಟ್ಟು ಬರುವುದು 50 ದಿನಕ್ಕೊಮ್ಮೆ, ವರ್ಷಕ್ಕೆ ಏಳು ಬಾರಿ. 35 ದಿನ ಮೀರಿದ ಚಕ್ರ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಎಂದರೆ ಏರುಪೇರು ಎಂದೇ ಲೆಕ್ಕ. ಜತೆಗೆ ಗಲ್ಲದ ಮೇಲೆ ಒರಟು ಕೂದಲು. ತಿಂಗಳಿಗೆರಡು ಸಲ ಥ್ರೆಡಿಂಗ್ ಮಾಡಿಸುವುದರಿಂದ ವೈದ್ಯರ ಕಣ್ಣಿಗೆ ಅದು ಬೀಳುವುದೇ ಇಲ್ಲ, ಕೇಳಿ ತಿಳಿಯಬೇಕು. ಎರಡು ಲಕ್ಷಣ ಸಿಕ್ಕಿದ್ದರಿಂದ ಇಲ್ಲಿ ಸ್ಕ್ಯಾನಿಂಗ್ ಬೇಕೆಂದೇನಿಲ್ಲ.

ಆದರೂ ತಕ್ಷಣ ಪಿಸಿಒಎಸ್ ಎನ್ನುವಂತಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಏರುಪೇರಿನಿಂದಲೂ ಮುಟ್ಟು ತಪ್ಪುತ್ತದೆ. ಅಡ್ರಿನಲ್ ಗ್ರಂಥಿಯ ಒಂದು ಆನುವಂಶಿಕ ದೋಷ ಥೇಟ್ ಪಿಸಿಒಎಸ್‌ನಂತೆಯೇ ಕಾಣುತ್ತದೆ. ಅದಕ್ಕೆ ಬೆಳಗ್ಗೆ 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಪುರುಷ ಹಾರ್ಮೋನಿನ ವರದಿಯನ್ನು ನಂಬುವಂತಿಲ್ಲ. ವೈದ್ಯರ ಸಲಹೆಯಂತೆ ಕನಿಷ್ಠ ಮೂರು ತಿಂಗಳು ಅದನ್ನು ನಿಲ್ಲಿಸಿ ಪರೀಕ್ಷಿಸಬೇಕು.

ತೆಳ್ಳಗಿನವರಲ್ಲಿ ಎಡವುವುದು ಇನ್ನೊಂದು ಕಡೆ. ಅತಿಯಾದ ಡಯಟ್, ವಿಪರೀತ ವ್ಯಾಯಾಮ ಅಥವಾ ಒತ್ತಡದಿಂದ ಮೆದುಳು ಅಂಡಾಶಯಕ್ಕೆ ಕಳುಹಿಸುವ ಸಂಕೇತವೇ ಕುಗ್ಗಿ ಮುಟ್ಟು ನಿಲ್ಲಬಹುದು. ಇಂಥವರ ಸ್ಕ್ಯಾನಿಂಗ್‌ನಲ್ಲೂ ಎಷ್ಟೋ ಸಲ ಪಿಸಿಒಎಸ್‌ನಂಥದ್ದೇ ಚಿತ್ರ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಹಾರ್ಮೋನ್‌ಗಳಿಂದ: ಇವರಲ್ಲಿ ಎಲ್‌ಎಚ್ ಮತ್ತು ಈಸ್ಟ್ರೋಜೆನ್ ಸಾಮಾನ್ಯವಾಗಿ ಕಡಿಮೆ, ಗರ್ಭಕೋಶದ ಒಳಪದರ ತೆಳು. ಮುಖದ ಕೂದಲು, ಮೊಡವೆಯಂಥ ಲಕ್ಷಣಗಳೂ ಇರುವುದಿಲ್ಲ. ಇದನ್ನು ಪಿಸಿಒಎಸ್ ಎಂದುಕೊಂಡು 'ಇನ್ನಷ್ಟು ತೂಕ ಇಳಿಸಿ' ಎಂದರೆ ಹಾನಿಯೇ ಹೆಚ್ಚು; ಇವರಿಗೆ ಬೇಕಿರುವುದು ಹೊಟ್ಟೆ ತುಂಬ ಊಟ. ಹಾಗಾಗಿ ಸ್ಕ್ಯಾನಿಂಗ್ ವರದಿಯೊಂದನ್ನೇ ಹಿಡಿದು ಔಷಧ ಶುರು ಮಾಡುವುದು ಸರಿಯಲ್ಲ.

ಪಿಸಿಒಎಸ್ ಖಚಿತವಾದ ಮೇಲೆ ಸಕ್ಕರೆ ಪರೀಕ್ಷೆಯನ್ನು ತೆಳ್ಳಗಿನವರೂ ಬಿಡುವಂತಿಲ್ಲ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಅವರಲ್ಲೂ ಉಂಟು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆಯ ನಂತರ ಮತ್ತೆ ರಕ್ತ ಕೊಡುವ ಪರೀಕ್ಷೆಯನ್ನು ಯಾವುದೇ ತೂಕದವರಿಗೂ ಮಾರ್ಗಸೂಚಿ ಸೂಚಿಸುತ್ತದೆ.