‘ಅಂದರೆ’ ಮತ್ತು ‘ಉದಾಹರಣೆಗೆ’: ಇಮೇಲ್‌ನಲ್ಲಿ ಎರಡು ಅಕ್ಷರದ ಅಂತರ

ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಉಕ್ಕು ತುಂಬಿದ ಲಾರಿಯೊಂದು ಎರಡು ದಿನ ಗೇಟಿನ ಹೊರಗೇ ನಿಂತಿತ್ತು. ಅದಕ್ಕೆ ಕಾರಣ ನನ್ನ ಇಮೇಲ್‌ನ ಈ ಸಾಲು:

```
Please send all dispatch documents, i.e., invoice and packing list.
```

ಪೂರೈಕೆದಾರರು ಇನ್‌ವಾಯ್ಸ್ ಕಳಿಸಿದರು, ಪ್ಯಾಕಿಂಗ್ ಲಿಸ್ಟ್ ಕಳಿಸಿದರು. ಉಕ್ಕಿನ ಟೆಸ್ಟ್ ಸರ್ಟಿಫಿಕೇಟ್ ಕಳಿಸಲಿಲ್ಲ. ಅದಿಲ್ಲದೆ ನಮ್ಮ ಗುಣಮಟ್ಟ ವಿಭಾಗದವರು ಮಾಲು ಇಳಿಸಿಕೊಳ್ಳಲು ಒಪ್ಪಲಿಲ್ಲ. ಫೋನ್ ಮಾಡಿದೆ. ‘ಸರ್, ನೀವು ಕೇಳಿದ್ದು ಎರಡೇ ಅಲ್ವಾ, ಮೇಲ್ ನೋಡಿ’ ಎಂದರು. ನೋಡಿದೆ. ಅವರ ಮಾತು ಸರಿಯಾಗಿತ್ತು. ‘ಇಂಥ ಕಾಗದಪತ್ರಗಳು’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು, ‘ಇವೆರಡೇ ಕಾಗದಪತ್ರಗಳು’ ಎಂದು ಬರೆದಿದ್ದೆ.

ತಪ್ಪು ಕಲ್ಪನೆ: i.e. ಮತ್ತು e.g. ಎರಡೂ ಒಂದೇ, ಯಾವುದನ್ನು ಬರೆದರೂ ನಡೆಯುತ್ತದೆ.

ನಡೆಯುವುದಿಲ್ಲ. ಎರಡೂ ಲ್ಯಾಟಿನ್ ಮಾತುಗಳ ಕಿರುರೂಪ. i.e. ಎಂದರೆ ‘ಇಡ್ ಎಸ್ಟ್’, ‘ಅದೆಂದರೆ’ ಎಂದು ಅರ್ಥ. e.g. ಎಂದರೆ ‘ಎಕ್ಸೆಂಪ್ಲಿ ಗ್ರಾಟಿಯಾ’, ‘ಉದಾಹರಣೆಯ ಸಲುವಾಗಿ’ ಎಂದು. ಮೊದಲನೆಯದು ಹಿಂದೆ ಹೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಹೇಳಿ ಅರ್ಥವನ್ನು ಮುಚ್ಚಿಬಿಡುತ್ತದೆ. ಅದರ ಮುಂದೆ ಬರೆದಷ್ಟೇ ಲೆಕ್ಕ. ಎರಡನೆಯದು ಒಂದೆರಡು ಮಾದರಿ ತೋರಿಸಿ ಬಾಗಿಲು ತೆರೆದಿಡುತ್ತದೆ. ಇಂಗ್ಲಿಷ್‌ನಲ್ಲಿ ‘ಎಕ್ಸಾಂಪಲ್ ಗಿವನ್’, ‘ಇನ್ ಎಕ್ಸಾಂಪಲ್’ ಎಂದು ಇವುಗಳನ್ನು ಬಿಡಿಸುವವರಿದ್ದಾರೆ. ‘ಎಕ್ಸಾಂಪಲ್ ಗಿವನ್’ ನೆನಪಿಗೊಂದು ಆಸರೆ ಎಂದಾದರೆ ತೊಂದರೆಯಿಲ್ಲ, ಮೂಲ ಅದಲ್ಲ. ‘ಇನ್ ಎಕ್ಸಾಂಪಲ್’ ಮಾತ್ರ ಅಪಾಯಕಾರಿ, ಏಕೆಂದರೆ ಅದು i.e.ಗೆ ಉದಾಹರಣೆಯ ಅರ್ಥವನ್ನೇ ಅಂಟಿಸಿಬಿಡುತ್ತದೆ.

ತಪ್ಪು ಎರಡೂ ದಿಕ್ಕಿನಲ್ಲಿ ಆಗುತ್ತದೆ. ಆರ್ಥಿಕ ವರ್ಷದ ಕೊನೆಯ ದಿನದೊಳಗೆ ಬಾಕಿ ತೀರಿಸಿ ಎಂದು ಬರೆದು, ಮುಂದೆ e.g. ಹಾಕಿ ಮಾರ್ಚ್ 31 ಎಂದರೆ, ಮಾರ್ಚ್ 31 ಅಂಥ ದಿನಗಳಲ್ಲಿ ಒಂದು ಎಂದಾಯಿತು. ನಮ್ಮಲ್ಲಿ ಆರ್ಥಿಕ ವರ್ಷ ಮುಗಿಯುವುದು ಒಂದೇ ದಿನ. ಅಲ್ಲಿ ಇರಬೇಕಾದದ್ದು i.e. ಹಾಗೆಯೇ ‘ಕೆಲಸದ ದಿನಗಳು’ ಎಂದು ಬರೆದು, e.g. ಹಾಕಿ ಸೋಮವಾರದಿಂದ ಶುಕ್ರವಾರ ಎಂದರೆ, ಶನಿವಾರವೂ ಕೆಲಸದ ದಿನವೋ ಏನೋ ಎಂಬ ಅನುಮಾನ ಓದುವವರಲ್ಲಿ ಉಳಿಯುತ್ತದೆ.

ತಪ್ಪು ಕಲ್ಪನೆ: ಮನಸ್ಸಿನಲ್ಲಿ ‘ಅಂದರೆ’ ಎಂದು ಹೇಳಿಕೊಂಡು ಸರಿ ಕೇಳಿಸಿದರೆ i.e. ಹಾಕಬಹುದು.

ಕನ್ನಡಿಗರಾದ ನಾವು ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಬರವಣಿಗೆಯ ‘ಅಂದರೆ’ ಮತ್ತು i.e. ಜೊತೆಯಾಗಿ ಹೋಗುತ್ತವೆ ನಿಜ. ಆದರೆ ಮಾತಿನ ‘ಅಂದ್ರೆ’ ಬಹಳ ಧಾರಾಳಿ. ‘ಬರ್ತಾ ಏನಾದ್ರೂ ತರಕಾರಿ ತಗೊಂಡ್ಬನ್ನಿ, ಅಂದ್ರೆ ಬೀನ್ಸು, ಕ್ಯಾರೆಟ್ಟು’ ಎಂದು ಮನೆಯಲ್ಲಿ ಹೇಳಿದರೆ, ಬದನೆಕಾಯಿ ತಂದವರನ್ನು ಯಾರೂ ಬೈಯುವುದಿಲ್ಲ. ಅಲ್ಲಿ ‘ಅಂದ್ರೆ’ ಮಾಡುತ್ತಿರುವುದು ‘ಉದಾಹರಣೆಗೆ’ ಮಾಡಬೇಕಾದ ಕೆಲಸ. ದನಿ, ಮುಖ, ಅಭ್ಯಾಸ ಎಲ್ಲ ಸೇರಿ ಅರ್ಥ ತಿಳಿಯುತ್ತದೆ. ಅದೇ ‘ಅಂದ್ರೆ’ಯನ್ನು ತಲೆಯಲ್ಲಿ ಇಟ್ಟುಕೊಂಡು ಇಂಗ್ಲಿಷ್ ಬರೆಯಲು ಕೂತಾಗ ಬೆರಳು ತಾನಾಗಿ i.e. ಒತ್ತುತ್ತದೆ. ನನಗಾದದ್ದೂ ಅದೇ.

ಹಾಗಾಗಿ ನಾನೀಗ ಬಳಸುವ ಪರೀಕ್ಷೆ ಬೇರೆ. ಪಟ್ಟಿಯ ಕೊನೆಗೆ ಕನ್ನಡದಲ್ಲಿ ‘ಮುಂತಾದವು’ ಸೇರಿಸಿ ನೋಡುತ್ತೇನೆ. ‘ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮುಂತಾದವು’ ಎಂದಾಗ ನನ್ನ ಉದ್ದೇಶ ಹಾಗೇ ಉಳಿದರೆ e.g. ಬೇಕು. ‘ಆರ್ಥಿಕ ವರ್ಷದ ಕೊನೆಯ ದಿನ, ಮಾರ್ಚ್ 31 ಮುಂತಾದವು’ ಎಂದಾಗ ಮಾತು ಕೆಡುತ್ತದೆ, ಹಾಗಾದರೆ i.e. ಬೇಕು. ‘ಅಂದರೆ’ ಎರಡೂ ಕಡೆ ಹೊಂದಿಕೊಂಡು ಮೋಸ ಮಾಡುತ್ತದೆ, ‘ಮುಂತಾದವು’ ಹಾಗೆ ಮಾಡುವುದಿಲ್ಲ.

ಈ ಪರೀಕ್ಷೆಯಿಂದ ಇನ್ನೊಂದು ವಿಷಯವೂ ಹೊರಬರುತ್ತದೆ. e.g. ಹಾಕಿದ ಪಟ್ಟಿಯ ತುದಿಗೆ etc. ಬೇಡ. ‘ಇತ್ಯಾದಿ’ ಎಂಬ ಅರ್ಥ e.g.ಯಲ್ಲೇ ಇದೆ. ಕನ್ನಡದಲ್ಲಿ ‘ಉದಾಹರಣೆಗೆ ರಾಗಿ, ಜೋಳ ಇತ್ಯಾದಿ’ ಎಂದು ನಾವು ಸಲೀಸಾಗಿ ಬರೆಯುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. i.e. ಜೊತೆಗೆ etc. ಬಂದರೆ ಇನ್ನೂ ಕೆಟ್ಟದ್ದು: ‘ಇಷ್ಟೇ’ ಎಂದವರೇ ‘ಇನ್ನೂ ಇದೆ’ ಎಂದಂತೆ.

ತಪ್ಪು ಕಲ್ಪನೆ: ಲ್ಯಾಟಿನ್ ಕಿರುರೂಪ ಹಾಕಿದರೆ ವ್ಯವಹಾರದ ಇಮೇಲ್‌ಗೆ ಗಾಂಭೀರ್ಯ ಬರುತ್ತದೆ.

ಕಿರುರೂಪ ಇರುವುದು ಜಾಗ ಉಳಿಸಲು, ಗೌರವ ತೋರಿಸಲು ಅಲ್ಲ. ಮನಶ್ಶಾಸ್ತ್ರ ಮತ್ತು ಸಮಾಜವಿಜ್ಞಾನದ ಬರಹಗಾರರು ಅನುಸರಿಸುವ ಎಪಿಎ ಶೈಲಿ ಇವೆರಡನ್ನೂ ಆವರಣದೊಳಗೆ ಮಾತ್ರ ಬಳಸಲು ಬಿಡುತ್ತದೆ. ವಾಕ್ಯದ ಹರಿವಿನಲ್ಲಿ ‘ಫಾರ್ ಎಕ್ಸಾಂಪಲ್’, ‘ದಟ್ ಈಸ್’ ಎಂದು ಬಿಡಿಸಿ ಬರೆಯಬೇಕು. ಬ್ರಿಟನ್ ಸರ್ಕಾರದ GOV.UK ತಾಣದ ಶೈಲಿ ಕೈಪಿಡಿಯಂತೂ ಇವುಗಳನ್ನು ಬಿಟ್ಟೇಬಿಡಿ ಎನ್ನುತ್ತದೆ. ಅದು ಕೊಡುವ ಒಂದು ಕಾರಣ ನನಗೆ ಬಹಳ ಮುಖ್ಯವೆನಿಸಿತು: ದೃಷ್ಟಿಹೀನರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಚುಕ್ಕಿಯಿಲ್ಲದ eg ಅನ್ನು ‘ಎಗ್’ ಎಂದು, ಮೊಟ್ಟೆ ಎಂಬಂತೆ, ಓದಿಬಿಡಬಹುದು.

ಹಾಗಾದರೆ ಎಲ್ಲಿ ಹೊಂದುತ್ತವೆ? ದಿನವೂ ಜೊತೆಗೆ ಕೆಲಸ ಮಾಡುವವರಿಗೆ ಬರೆಯುವ ಚಿಕ್ಕ ಮೇಲ್‌ನಲ್ಲಿ, ಆವರಣದೊಳಗಿನ ಟಿಪ್ಪಣಿಯಲ್ಲಿ, ಕೋಷ್ಟಕದ ಇಕ್ಕಟ್ಟಾದ ಮನೆಯಲ್ಲಿ ಹೊಂದುತ್ತವೆ. ವಾಕ್ಯವನ್ನು ಇವುಗಳಿಂದ ಶುರುಮಾಡಬೇಡಿ. ಹೊಸ ಗ್ರಾಹಕರಿಗೆ ಬರೆಯುವ ಮೊದಲ ಪತ್ರದಲ್ಲಿ ಬಿಡಿಸಿ ಬರೆಯುವುದೇ ಚೆಂದ. ಬೆಲೆ, ಗಡುವು, ಪಾವತಿಯ ಷರತ್ತು ಇರುವ ಸಾಲಿನಲ್ಲಿ ಮಾತ್ರ ನಾನು ಇವುಗಳನ್ನು ಬಳಸುವುದೇ ಇಲ್ಲ, ಏಕೆಂದರೆ ಈ ಕಡೆ ನಾನು ವ್ಯತ್ಯಾಸ ತಿಳಿದು ಬರೆದರೂ ಆ ಕಡೆ ಓದುವವರಿಗೆ ಅದು ತಿಳಿದಿದೆ ಎಂಬ ಖಾತ್ರಿ ಇಲ್ಲ.

ಚುಕ್ಕಿ, ಅಲ್ಪವಿರಾಮದ ಬಗ್ಗೆಯೂ ವಾದಗಳಿವೆ. ಅಮೆರಿಕದ ರೂಢಿಯಲ್ಲಿ ಕಿರುರೂಪದ ನಂತರ ಅಲ್ಪವಿರಾಮ ಬರುತ್ತದೆ, ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಎರಡೂ ತಪ್ಪಲ್ಲ. ಒಂದೇ ಮೇಲ್‌ನಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ನನ್ನ ಆ ಸಾಲಿಗೆ ಮರಳುತ್ತೇನೆ. i.e. ತೆಗೆದು e.g. ಹಾಕಿದ್ದರೆ ಸರಿಹೋಗುತ್ತಿತ್ತೇ ಎಂದು ಆಗ ಬಹಳ ಯೋಚಿಸಿದೆ. ಭಾಷೆಯೇನೋ ಸರಿಯಾಗುತ್ತಿತ್ತು. ಆದರೆ ‘ಉದಾಹರಣೆಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್’ ಎಂದರೆ, ಉಳಿದದ್ದು ಏನು ಎಂಬುದನ್ನು ಪೂರೈಕೆದಾರರೇ ಊಹಿಸಬೇಕಿತ್ತು. ಅವರು ಲಾರಿ ರಸೀದಿ ಕಳಿಸಿ ಸರ್ಟಿಫಿಕೇಟ್ ಬಿಟ್ಟಿದ್ದರೂ ಲಾರಿ ಗೇಟಿನಲ್ಲೇ ನಿಲ್ಲುತ್ತಿತ್ತು. ಬೇಕಾದದ್ದು ಮೂರು ಎಂದು ನನಗೆ ಗೊತ್ತಿದ್ದಾಗ ಮೂರನ್ನೂ ಹೆಸರಿಸಬೇಕಿತ್ತು. ಮರುದಿನದಿಂದ ಎಲ್ಲ ಪೂರೈಕೆದಾರರಿಗೂ ಹೋದ ಸಾಲು ಇದು:

```
Please send these three documents: invoice, packing list, test certificate.
```