ಪಿಯುಸಿ ನಂತರ ಸಾಫ್ಟ್‌ವೇರ್ ಕೆಲಸ: ಬೂಟ್‌ಕ್ಯಾಂಪ್, ಆನ್‌ಲೈನ್ ಕೋರ್ಸ್, ಪದವಿ – ಯಾವುದಕ್ಕೆ ಹಣ ಕಟ್ಟಬೇಕು?

ಮಂಗಳೂರು ಬಂದರಿನಲ್ಲಿ ಅಡಿಕೆ, ಒಣಮೆಣಸು, ಕಿರಾಣಿ ಸಗಟು ವ್ಯಾಪಾರ ಮಾಡಿಕೊಂಡು ಬಂದಿರುವ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಈಗ ಒಂದೇ ಪ್ರಶ್ನೆ. ಮಗ ಅಥವಾ ಮಗಳು ಕಾಮರ್ಸ್ ಪಿಯುಸಿ ಮುಗಿಸಿದ್ದಾರೆ, ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲ, ಸಾಫ್ಟ್‌ವೇರ್ ಕೆಲಸ ಬೇಕು ಎನ್ನುತ್ತಾರೆ. ಅಷ್ಟರಲ್ಲಿ ಮೊಬೈಲಿಗೆ ಒಂದು ಜಾಹೀರಾತು ಬರುತ್ತದೆ: ಎಂಟು ತಿಂಗಳು ಕಲಿಯಿರಿ, ಪದವಿ ಬೇಡ, ಕೆಲಸ ಗ್ಯಾರಂಟಿ. ಇನ್ನೊಬ್ಬರು ಯೂಟ್ಯೂಬಿನಲ್ಲಿ ಎಲ್ಲವೂ ಉಚಿತ ಎನ್ನುತ್ತಾರೆ. ಸಂಬಂಧಿಕರು ಮೊದಲು ಡಿಗ್ರಿ ಆಗಲಿ ಎನ್ನುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಹಣ ಕಟ್ಟುವ ತಂದೆ ಕೇಳಬೇಕಾದ ಪ್ರಶ್ನೆ ಬೇರೆ. ಈ ಮೂರರಲ್ಲಿ ಯಾವುದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ?

ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿದವರಿಗೆ ಸಿಇಟಿ ಮೂಲಕ ಇಂಜಿನಿಯರಿಂಗ್ ದಾರಿ ಇದೆ. ಆ ವಿಷಯ ಎಲ್ಲರಿಗೂ ತಿಳಿದದ್ದೇ. ಗೊಂದಲ ಹೆಚ್ಚಾಗಿರುವುದು ಕಾಮರ್ಸ್ ಓದಿದವರಲ್ಲಿ. ಆದುದರಿಂದ ಈ ಲೇಖನ ಅವರನ್ನು ಕುರಿತದ್ದು.

ಮೂರೂ ಕೊಡುವುದು ಬೇರೆ ಬೇರೆ ವಸ್ತು

ಪದವಿ ಮುಖ್ಯವಾಗಿ ಕೊಡುವುದು ಅರ್ಹತೆಯನ್ನು. ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಮಾನ್ಯತೆ ಪಡೆದ ಪೂರ್ಣಾವಧಿ ಪದವಿ, ಹತ್ತನೇ ತರಗತಿಯಿಂದ ಪದವಿಯವರೆಗೆ ಇಷ್ಟು ಶೇಕಡಾ ಅಂಕ, ಬಾಕಿ ವಿಷಯ ಇರಬಾರದು ಎಂಬ ಷರತ್ತು ಹಾಕುತ್ತವೆ. ಅರ್ಜಿ ತುಂಬುವ ಪುಟದಲ್ಲಿಯೇ ಪದವಿಯ ಹೆಸರು, ವರ್ಷ ಕೇಳುತ್ತಾರೆ. ಅದು ಇಲ್ಲದಿದ್ದರೆ ಹುಡುಗನಿಗೆ ಎಷ್ಟು ಬರುತ್ತದೆ ಎಂದು ನೋಡುವ ಹಂತಕ್ಕೇ ಹೋಗುವುದಿಲ್ಲ. ಕರಾವಳಿಯವರಿಗೆ ಇನ್ನೊಂದು ಮಾತು ಮುಖ್ಯ. ಕೊಲ್ಲಿ ದೇಶಗಳಲ್ಲಿ ಇಂಥ ಹುದ್ದೆಗೆ ಹೋಗುವಾಗ ದೃಢೀಕರಿಸಿದ ಪದವಿ ಪ್ರಮಾಣಪತ್ರ ಕೇಳುತ್ತಾರೆ. ಅಮೆರಿಕದ ಎಚ್-1ಬಿ ವೀಸಾಕ್ಕೂ ಪದವಿ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಬೇಕು.

ಆನ್‌ಲೈನ್ ಕೋರ್ಸ್ ಕೊಡುವುದು ಪಾಠವನ್ನು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು. 4, 8 ಅಥವಾ 12 ವಾರಗಳ ಕೋರ್ಸುಗಳಿವೆ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ 1,000 ರೂಪಾಯಿ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75 ಅಂಕ. ಪಾಠದ ಗುಣಮಟ್ಟದ ಬಗ್ಗೆ ಸಂದೇಹವಿಲ್ಲ. ಕೊರತೆ ಇರುವುದು ಬೇರೆ ಕಡೆ. ಮೂರನೇ ವಾರ ಬಿಟ್ಟುಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುವವರು ಯಾರೂ ಇಲ್ಲ.

ಬೂಟ್‌ಕ್ಯಾಂಪ್ ಕೊಡುವುದು ಶಿಸ್ತು ಮತ್ತು ಅಭ್ಯಾಸವನ್ನು. ದಿನಕ್ಕೆ ಇಷ್ಟು ಗಂಟೆ ಕೂರಿಸಿ ಪ್ರೋಗ್ರಾಮ್ ಬರೆಸುತ್ತಾರೆ, ತಿದ್ದುತ್ತಾರೆ, ಸಂದರ್ಶನಕ್ಕೆ ತಯಾರು ಮಾಡುತ್ತಾರೆ. 2012ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆವ್ ಬೂಟ್‌ಕ್ಯಾಂಪ್ ಎಂಬ ಸಂಸ್ಥೆ ಈ ಮಾದರಿಯನ್ನು ಪ್ರಸಿದ್ಧಿಗೆ ತಂದಿತು. 2017ರ ಕೊನೆಯಲ್ಲಿ ಅದೇ ಮುಚ್ಚಿತು. ಅಲ್ಲಿ ಕಲಿಯಲು ಬರುತ್ತಿದ್ದವರಲ್ಲಿ ಅನೇಕರು ಮೊದಲೇ ಪದವಿ ಪಡೆದು, ಬೇರೆ ಕೆಲಸದಲ್ಲಿದ್ದವರು ಎಂಬುದನ್ನು ಮರೆಯಬಾರದು. ಪಿಯುಸಿ ಮುಗಿಸಿದ 18ರ ಹುಡುಗನ ಸ್ಥಿತಿ ಅದಲ್ಲ.

ಬಿಲ್ಲಿನಲ್ಲೇ ಕಾಣುವ ವ್ಯತ್ಯಾಸ

ವ್ಯಾಪಾರಿಗಳಿಗೆ ಬೇಗ ಅರ್ಥವಾಗುವ ಗುರುತು ಒಂದಿದೆ. ಕಾನೂನಿನಿಂದ ಮಾನ್ಯತೆ ಪಡೆದ ಪದವಿಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಖಾಸಗಿ ಬೂಟ್‌ಕ್ಯಾಂಪಿನ ಶುಲ್ಕಕ್ಕೆ ಕೋಚಿಂಗ್ ಸೇವೆಯಂತೆ ಶೇ. 18 ಜಿಎಸ್‌ಟಿ ಇದೆ. ಬಿಲ್ಲಿನಲ್ಲಿ ಆ ಸಾಲು ಕಂಡರೆ, ಕೊನೆಗೆ ಸಿಗುವ ಸರ್ಟಿಫಿಕೇಟ್ ಎಷ್ಟೇ ಚೆನ್ನಾಗಿ ಅಚ್ಚಾಗಿದ್ದರೂ ಅದು ಪದವಿಯಲ್ಲ ಎಂದು ತಿಳಿಯಬೇಕು.

ಸಾಲದ ವಿಷಯವೂ ಹೀಗೆಯೇ. 2014ರ ಜನವರಿಯಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ಆದಾಯದ ಮಿತಿಯೊಳಗಿರುವ ನಮ್ಮ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಆದರೆ ಅದು ಪ್ರವೇಶ ಪರೀಕ್ಷೆಯ ಮೂಲಕ ಸೀಟು ಪಡೆದ ವೃತ್ತಿಪರ ಪದವಿಗಳಿಗೆ. ಬೂಟ್‌ಕ್ಯಾಂಪಿಗೆ ಅಂಥ ನೆರವು ಇಲ್ಲ. ಅಲ್ಲಿ ಸಾಲ ಕೊಡುವುದು ಸಾಮಾನ್ಯವಾಗಿ ಒಂದು ಫೈನಾನ್ಸ್ ಕಂಪನಿ. ಶುಲ್ಕದ ಹಣ ನೇರವಾಗಿ ಸಂಸ್ಥೆಗೆ ಹೋಗುತ್ತದೆ, ಕಂತು ಮಾತ್ರ ತಂದೆಯ ಅಥವಾ ಮಗನ ಖಾತೆಯಿಂದ ಕಡಿತವಾಗುತ್ತದೆ. ಕ್ಲಾಸು ಸರಿಯಿಲ್ಲ ಎಂದು ಹುಡುಗ ಎರಡನೇ ತಿಂಗಳಿಗೆ ಬಿಟ್ಟರೂ ಕಂತು ನಿಲ್ಲುವುದಿಲ್ಲ, ಏಕೆಂದರೆ ಸಾಲದ ಕರಾರು ಇರುವುದು ಫೈನಾನ್ಸ್ ಕಂಪನಿಯ ಜೊತೆ. ಕಂತು ತಪ್ಪಿದರೆ ಹಾಳಾಗುವುದು ಸಾಲಗಾರನ ಸಿಬಿಲ್. ಅಂಗಡಿಯ ಓವರ್‌ಡ್ರಾಫ್ಟ್ ನವೀಕರಿಸುವ ದಿನ ಇದರ ಬಿಸಿ ತಟ್ಟುತ್ತದೆ.

ಒಂದು ಮನೆಯ ಲೆಕ್ಕ

ಮೂರು ವರ್ಷದ, ಅಂದರೆ 36 ತಿಂಗಳ ಲೆಕ್ಕ ಹಾಕಿ ನೋಡೋಣ. ಇಲ್ಲಿನ ಮೊತ್ತಗಳು ಉದಾಹರಣೆಗೆ ಮಾತ್ರ. ಪ್ರತಿಯೊಬ್ಬರೂ ತಮಗೆ ಸಿಕ್ಕಿದ ಮೊತ್ತವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಬೂಟ್‌ಕ್ಯಾಂಪಿನ ಶುಲ್ಕ 3,00,000 ರೂಪಾಯಿ, ಜಿಎಸ್‌ಟಿ 54,000, ಒಟ್ಟು 3,54,000. ಬಡ್ಡಿ ಇಲ್ಲದೆ 24 ಕಂತು ಎಂದರೂ ತಿಂಗಳಿಗೆ 14,750 ಆಗುತ್ತದೆ. ಕಂತು ಕ್ಲಾಸಿನ ಜೊತೆಗೇ ಶುರುವಾದರೆ ಎಂಟು ತಿಂಗಳ ಕೋರ್ಸು ಮುಗಿಯುವ ಹೊತ್ತಿಗೆ, ಇನ್ನೂ ಒಂದು ರೂಪಾಯಿ ಸಂಬಳ ಬರುವ ಮೊದಲೇ, 1,18,000 ರೂಪಾಯಿ ತಂದೆಯ ಕೈಯಿಂದ ಹೋಗಿರುತ್ತದೆ.

ಇನ್ನೊಂದು ಕಡೆ ಬಿಸಿಎ. ಮೂರು ವರ್ಷಕ್ಕೆ 1,20,000 ಶುಲ್ಕ ಎಂದು ಹಿಡಿಯೋಣ. ಸರ್ಕಾರಿ ಕಾಲೇಜಿನಲ್ಲಿ ಕಡಿಮೆ, ಕೆಲವು ಖಾಸಗಿ ಕಾಲೇಜುಗಳಲ್ಲಿ ಹೆಚ್ಚು. ಅದರ ಜೊತೆ ನಾಲ್ಕು ಎನ್‌ಪಿಟಿಇಎಲ್ ಪರೀಕ್ಷೆಗೆ 4,000. ಒಟ್ಟು 1,24,000.

ಈಗ ಬೂಟ್‌ಕ್ಯಾಂಪಿನ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಅಲ್ಲಿಂದ ಹೊರಬಂದ ಹುಡುಗನಿಗೆ ಕೂಡಲೇ 20,000 ರೂಪಾಯಿ ಸಂಬಳದ ಕೆಲಸ ಸಿಕ್ಕರೆ, ಉಳಿದ 28 ತಿಂಗಳಲ್ಲಿ ಅವನು 5,60,000 ದುಡಿಯುತ್ತಾನೆ. ಶುಲ್ಕ ಕಳೆದರೂ 2,06,000 ಉಳಿಯುತ್ತದೆ. ಬಿಸಿಎ ಹುಡುಗನ ಮನೆಯಲ್ಲಿ ಆಗ ಇನ್ನೂ ಖರ್ಚು ಮಾತ್ರ. ಹಾಗಾದರೆ ಬೂಟ್‌ಕ್ಯಾಂಪೇ ಲಾಭವೇ?

ಎರಡರ ಖರ್ಚಿನ ನಡುವಿನ ಅಂತರ 2,30,000. ತಿಂಗಳಿಗೆ 20,000 ಎಂದರೆ ಅದು ಸುಮಾರು 12 ತಿಂಗಳ ಸಂಬಳ. ಅಂದರೆ ಆ 28 ತಿಂಗಳಲ್ಲಿ ಕನಿಷ್ಠ 12 ತಿಂಗಳಾದರೂ ಕೆಲಸದಲ್ಲಿದ್ದರೆ ಮಾತ್ರ ಬೂಟ್‌ಕ್ಯಾಂಪ್ ಬಿಸಿಎಗೆ ಸಮ. ಅದಕ್ಕಿಂತ ಕಡಿಮೆಯಾದರೆ ನಷ್ಟ. ಕೆಲಸ ಸಿಗದೇ ಹೋದರೆ 3,54,000 ಪೂರ್ತಿ ಹೋಯಿತು, ವಯಸ್ಸು 21 ಆಯಿತು, ಕೈಯಲ್ಲಿರುವುದು ಪಿಯುಸಿ ಮಾತ್ರ. ಬಿಸಿಎ ಹುಡುಗನಿಗೆ ಕೆಲಸ ತಡವಾದರೂ ಪದವಿ ಕೈಯಲ್ಲಿರುತ್ತದೆ, ಎಂಸಿಎ ಅಥವಾ ಎಂಬಿಎಗೆ ಹೋಗಬಹುದು. ಎಂಸಿಎಗೆ ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಓದಿರಬೇಕೆಂದು ಕೇಳಬಹುದು. ಕಾಲೇಜು ಸೇರುವಾಗಲೇ ಇದನ್ನು ವಿಚಾರಿಸಿಕೊಳ್ಳಬೇಕು.

‘ಪ್ಲೇಸ್‌ಮೆಂಟ್’ ಎಂಬ ಸಂಖ್ಯೆಯ ಒಳಗೆ

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ: ನೂರು ಜನ ಸೇರಿದರೆ ಎಷ್ಟು ಜನರಿಗೆ ಕೆಲಸ? ಈ ಸಂಖ್ಯೆ ಹೇಗೆ ಉಬ್ಬುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ದಾಖಲೆಯಲ್ಲಿದೆ. ಲ್ಯಾಂಬ್ಡಾ ಸ್ಕೂಲ್ ಎಂದು ಆರಂಭವಾಗಿ ನಂತರ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿದ ಸಂಸ್ಥೆ, ಶೇ. 71ರಿಂದ 86ರಷ್ಟು ವಿದ್ಯಾರ್ಥಿಗಳಿಗೆ ಕೆಲಸ ಸಿಗುತ್ತದೆ ಎಂದು ಪ್ರಚಾರ ಮಾಡಿತ್ತು. ಒಳಗಿನ ಲೆಕ್ಕದಲ್ಲಿ ಅದು ಶೇ. 50ರ ಆಸುಪಾಸಿನಲ್ಲಿತ್ತು, ಕೆಲವು ತಂಡಗಳಲ್ಲಿ ಶೇ. 30ಕ್ಕೆ ಇಳಿದಿತ್ತು ಎಂದು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೇಳಿ ಕ್ರಮ ಕೈಗೊಂಡಿತು.

ಆದುದರಿಂದ ಹಣ ಕಟ್ಟುವ ಮೊದಲು ಕೇಳಬೇಕಾದದ್ದು ನಾಲ್ಕು. ಕಳೆದ ವರ್ಷದ ಒಂದು ತಂಡದಲ್ಲಿ ಸೇರಿದವರು ಎಷ್ಟು, ಮುಗಿಸಿದವರು ಎಷ್ಟು? ಶೇಕಡಾವಾರು ಲೆಕ್ಕ ಸೇರಿದವರ ಮೇಲೋ, ಮುಗಿಸಿ ‘ಅರ್ಹ’ ಎನಿಸಿಕೊಂಡವರ ಮೇಲೋ? ಸಿಕ್ಕಿದ ಕೆಲಸ ಪ್ರೋಗ್ರಾಮ್ ಬರೆಯುವುದೋ, ಕಾಲ್ ಸೆಂಟರ್ ಅಥವಾ ಮಾರಾಟದ್ದೋ? ಆ ತಂಡದಲ್ಲಿ ಪದವಿಯಿಲ್ಲದೆ ಪಿಯುಸಿಯಲ್ಲೇ ಸೇರಿದವರಿಗೆ ಎಷ್ಟು ಜನರಿಗೆ ಸಿಕ್ಕಿತು? ಕೊನೆಯ ಪ್ರಶ್ನೆಯೇ ಮುಖ್ಯ. ಉತ್ತರವನ್ನು ಫೋನಿನಲ್ಲಿ ಕೇಳಿದರೆ ಸಾಲದು, ಇಮೇಲಿನಲ್ಲಿ ಬರೆಸಿಕೊಳ್ಳಬೇಕು. ‘ಇಂದು ರಾತ್ರಿಯೊಳಗೆ ಸೀಟು ಬುಕ್ ಮಾಡಿ’ ಎಂದು ಒತ್ತಾಯ ಮಾಡಿದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಮಾದರಿ ನೋಡದೆ ಸರಕು ಕೊಳ್ಳುವ ಪದ್ಧತಿ ಬಂದರಿನಲ್ಲಿ ಇಲ್ಲ.

ಮೊದಲು ನಾಲ್ಕು ವಾರ

ಯಾವುದಕ್ಕೂ ಹಣ ಕಟ್ಟುವ ಮುಂಚೆ ಹುಡುಗನಿಗೆ ಈ ಕೆಲಸ ಒಗ್ಗುತ್ತದೆಯೇ ಎಂದು ತಿಳಿಯಬೇಕು. ಅದಕ್ಕೆ ಖರ್ಚಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೂ ಪಾಠಗಳಿವೆ. ಎನ್‌ಪಿಟಿಇಎಲ್‌ನಲ್ಲಿ ಪ್ರೊ. ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸಿದೆ. ರಜೆಯಲ್ಲಿ ನಾಲ್ಕು ವಾರ, ದಿನಕ್ಕೆ ಎರಡು ಗಂಟೆ ಕುಳಿತು ಕಲಿಯಲಿ. ನಂತರ ಅಂಗಡಿಯದೇ ಒಂದು ಕೆಲಸ ಕೊಡಬೇಕು: ಉದರಿ ಪುಸ್ತಕದ ಒಂದು ತಿಂಗಳ ನಮೂದುಗಳನ್ನು ಓದಿಕೊಂಡು, ಯಾವ ಗಿರಾಕಿಯಿಂದ ಎಷ್ಟು ಬಾಕಿ, 30 ದಿನ ದಾಟಿದ್ದು ಎಷ್ಟು ಎಂದು ತೋರಿಸುವ ಪ್ರೋಗ್ರಾಮ್.

ಮೊದಲ ಸಲ ಉತ್ತರ ತಪ್ಪು ಬರುತ್ತದೆ. ಭಾಗಶಃ ಜಮಾ ಆದ ಬಿಲ್ಲು, ಮರಳಿ ಬಂದ ಚೀಲ, ಒಬ್ಬನದೇ ಎರಡು ಹೆಸರು ಲೆಕ್ಕ ಕೆಡಿಸುತ್ತವೆ. ಆಗ ಹುಡುಗ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕು. ಮೂರನೇ ಸಂಜೆಯೂ ಕುಳಿತು ತಪ್ಪು ಎಲ್ಲಿದೆ ಎಂದು ತಾನೇ ಹುಡುಕಿದರೆ ಈ ಕೆಲಸ ಅವನಿಗೆ ಆಗುತ್ತದೆ. ಸಂಬಳದ ಮಾತು ಮಾತ್ರ ಇಷ್ಟ, ಹುಡುಕಾಟ ಬೇಸರ ಎಂದಾದರೆ ಮೂರೂ ದಾರಿಯಲ್ಲಿ ಹಣ ದಂಡ.

ಯಾರಿಗೆ ಯಾವುದು

ಪಿಯುಸಿ ಮುಗಿಸಿದವರಿಗೆ ಪದವಿಯೇ ಆಧಾರವಾಗಿರಲಿ. ಅದರ ಜೊತೆ ಸೆಮಿಸ್ಟರಿಗೊಂದರಂತೆ ಆನ್‌ಲೈನ್ ಕೋರ್ಸ್ ಸೇರಿಸಿದರೆ ಪಠ್ಯದಲ್ಲಿಲ್ಲದ್ದು ತುಂಬುತ್ತದೆ. ಜುಲೈಯಲ್ಲಿ ಶುರುವಾಗುವ ಕೋರ್ಸುಗಳ ವಾರದ ಅಸೈನ್‌ಮೆಂಟ್ ದಶಲಕ್ಷಣ ಪರ್ವದ ದಿನಗಳಲ್ಲೂ ಬರುತ್ತದೆ, ಮೊದಲೇ ಮುಗಿಸಿಡಬೇಕು. ಗಣಿತದಲ್ಲಿ ಗಟ್ಟಿ ಇರುವವರಿಗೆ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯೂ ಇದೆ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ, ಮಧ್ಯದಲ್ಲಿ ನಿಲ್ಲಿಸಿದರೂ ಆಯಾ ಹಂತದ ಪ್ರಮಾಣಪತ್ರ. ಕಾಲೇಜಿನ ಪದವಿಯ ಜೊತೆ ಇನ್ನೊಂದು ಆನ್‌ಲೈನ್ ಪದವಿ ಮಾಡಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿದೆ.

ಬಿಕಾಂ ಮುಗಿಸಿ ಎರಡು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದು, ಈಗ ದಾರಿ ಬದಲಿಸಬೇಕು ಎನ್ನುವವರಿಗೆ ಬೂಟ್‌ಕ್ಯಾಂಪ್ ಉಪಯೋಗಕ್ಕೆ ಬರಬಹುದು. ಅವರ ಕೈಯಲ್ಲಿ ಪದವಿ ಇದೆ, ಬೇಕಿರುವುದು ಅಭ್ಯಾಸ. ಜಿಎಸ್‌ಟಿ, ದಾಸ್ತಾನು, ಲೆಕ್ಕಪತ್ರ ಗೊತ್ತಿರುವವನು ಪ್ರೋಗ್ರಾಮ್ ಬರೆಯಲು ಕಲಿತರೆ ವ್ಯಾಪಾರದ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಅವನ ಹಳೆಯ ಅನುಭವವೂ ಬೇಕಾಗುತ್ತದೆ. ಅಂಥವರೂ ನಾಲ್ಕು ವಾರದ ಪರೀಕ್ಷೆ ಮುಗಿಸಿ, ನಾಲ್ಕು ಪ್ರಶ್ನೆಗೆ ಬರಹದಲ್ಲಿ ಉತ್ತರ ಬಂದ ಮೇಲೆಯೇ ಸಾಲದ ಕಾಗದಕ್ಕೆ ಸಹಿ ಹಾಕಬೇಕು.