ಅನಾರ್ಕಲಿಯ ಘೇರು ಕಣ್ಣಿಗೆ, ಯೋಕ್ ಮೈಗೆ

ಅನಾರ್ಕಲಿ ಕುರ್ತಾ ಎಂದಕೂಡಲೇ 1960ರ ‘ಮೊಘಲ್-ಎ-ಆಜಂ’ನ ಮಧುಬಾಲಾ ನೆನಪಾಗುತ್ತಾರೆ, ಜೊತೆಗೆ ಸುತ್ತಿದಾಗ ಅರಳುವ ಆ ಘೇರು. ಹೊಲಿಸುವವರೂ ಮೊದಲು ಕೇಳುವುದು ಎಷ್ಟು ಕಲಿ ಇಡಬೇಕು ಎಂದೇ. ಆದರೆ ಹೊಲಿದು ತಂದ ಅನಾರ್ಕಲಿ ಬೀರುವಿನಲ್ಲೇ ಉಳಿದುಬಿಟ್ಟರೆ ತಪ್ಪು ಸಾಮಾನ್ಯವಾಗಿ ಘೇರಿನದಲ್ಲ. ಎದೆಯ ಕೆಳಗೆ ಮುಗಿಯುವ ಹದಿನಾಲ್ಕು ಇಂಚಿನ ಯೋಕ್‌ನದು.

ಘೇರಿನದು ಬರೀ ಲೆಕ್ಕ. ಎದೆ ಸುತ್ತಳತೆ 36, ಎದೆಯ ಕೆಳಗಿನ ಸುತ್ತಳತೆ 31 ಇಂಚು ಇರುವವರಿಗೆ ಜಾರ್ಜೆಟ್‌ನಲ್ಲಿ ಐವತ್ತು ಇಂಚು ಉದ್ದದ ಅನಾರ್ಕಲಿ ಎಂದುಕೊಳ್ಳಿ. ಉಸಿರಾಡಲು ಒಂದು ಇಂಚು ಸೇರಿಸಿದರೆ ಯೋಕ್‌ನ ಕೆಳ ಅಂಚು 32 ಇಂಚು. ಹದಿನಾರು ಕಲಿ ಇಟ್ಟರೆ ಒಂದೊಂದರ ತಲೆ ಎರಡು ಇಂಚು. ಕೆಳಗೆ ಹತ್ತು ಇಂಚು ಬಿಟ್ಟರೆ ಒಟ್ಟು ಘೇರು 160 ಇಂಚು, ಅಂದರೆ ನಾಲ್ಕು ಮೀಟರಿಗೂ ಮೇಲೆ. ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಸೇರಿಸಿದಾಗ ಕಲಿ ಮೇಲೆ ಮೂರು, ಕೆಳಗೆ ಹನ್ನೊಂದು ಇಂಚಾಗುತ್ತದೆ. ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟರೆ ಜೋಡಿಗೆ ಹದಿನಾಲ್ಕು ಇಂಚು ಸಾಕು. 44 ಇಂಚು ಪನ್ನದ ಬಟ್ಟೆಯಲ್ಲಿ ಒಂದು ಸಾಲಿಗೆ ಐದು ಕಲಿ ಸಿಗುತ್ತವೆ. ನವಿಲೋ ಬಳ್ಳಿಯೋ ಮೇಲ್ಮುಖವಾಗಿರುವ ಪ್ರಿಂಟ್ ಆದರೆ ಈ ಉಳಿತಾಯ ನಡೆಯದು. ಅರ್ಧ ನವಿಲುಗಳು ತಲೆ ಕೆಳಗೆ ಮಾಡಿ ನಿಂತಿರುತ್ತವೆ.

ಕಲಿಯ ನಡುಗೆರೆ ಬಟ್ಟೆಯ ನೇರ ಎಳೆಯ ಮೇಲಿರಬೇಕು. ಆಗ ಎರಡೂ ಬದಿಗಳು ಒಂದೇ ಪ್ರಮಾಣದಲ್ಲಿ ಕ್ರಾಸ್ ಆಗುತ್ತವೆ. ಕ್ರಾಸ್ ಆದ ಬಟ್ಟೆ ಭಾರಕ್ಕೆ ಇಳಿಯುತ್ತದೆ. ಅದಕ್ಕೇ ಹೊಲಿದ ಮೇಲೆ ಒಂದೆರಡು ದಿನ ತೂಗುಹಾಕಿ, ಆಮೇಲೆ ನೆಲದಿಂದ ಅಳೆದು ಅಂಚು ಮಡಚುವುದು. ಅದೇ ದಿನ ಮಡಚಿದರೆ ನಾಲ್ಕು ಸಲ ಉಡುವಷ್ಟರಲ್ಲಿ ಕೆಳ ಅಂಚು ಏರುಪೇರಾಗುತ್ತದೆ.

ಇನ್ನು ಯೋಕ್. ಎದೆಗೆ ಎರಡು ಇಂಚು ಸಡಿಲ ಕೊಟ್ಟರೆ 38. ಕೆಳಗೆ 32. ನಡುವಿನ ಈ ಆರು ಇಂಚನ್ನು ಎಲ್ಲಿ ಅಡಗಿಸುತ್ತೀರಿ ಎಂಬುದರಲ್ಲೇ ಇಡೀ ಕಸುಬಿದೆ. ಎಲ್ಲವನ್ನೂ ಪಕ್ಕದ ಹೊಲಿಗೆಯಲ್ಲಿ ಹಿಡಿದರೆ ಬಟ್ಟೆ ಎದೆಯ ಮೇಲೆ ಚಪ್ಪಟೆಯಾಗಿ ಎಳೆದುಕೊಂಡು, ಕಂಕುಳ ಬಳಿ ಬಾಯಿ ಬಿಡುತ್ತದೆ. ಮುಂಭಾಗದ ಎರಡು ಪ್ರಿನ್ಸೆಸ್ ಕಟ್‌ಗಳಲ್ಲಿ ಒಂದೂವರೆ ಇಂಚಿನಂತೆ ಮೂರು, ಬೆನ್ನಿನ ಎರಡು ಟಕ್ಸ್‌ಗಳಲ್ಲಿ ಒಂದೂವರೆ, ಎರಡು ಪಕ್ಕಗಳಲ್ಲಿ ಉಳಿದ ಒಂದೂವರೆ ಇಂಚು ಹಂಚಿದರೆ ಬಟ್ಟೆ ಮೈಯ ಉಬ್ಬಿನ ಜೊತೆಗೇ ತಿರುಗುತ್ತದೆ. ಪ್ರಿನ್ಸೆಸ್ ಹೊಲಿಗೆ ಮಧ್ಯದಿಂದ ನಾಲ್ಕು ಇಂಚಿನಲ್ಲಿ ಇಳಿದರೆ ಎರಡು ಇಂಚಿನ ಕಲಿಗಳ ಜೋಡಣೆಗೆ ಸರಿಯಾಗಿ ಕೂಡುತ್ತದೆ, ಗೆರೆ ತೋಳಿನಿಂದ ಅಂಚಿನವರೆಗೆ ಒಂದೇ ಆಗಿ ಕಾಣುತ್ತದೆ. ಬಾಗಿದ ಹೊಲಿಗೆಯ ಒಳ ಅಂಚಿಗೆ ಸಣ್ಣ ಸಣ್ಣ ಕತ್ತರಿ ಹಾಕಿ, ಸುತ್ತಿದ ಟವೆಲ್ ಮೇಲಿಟ್ಟು ಇಸ್ತ್ರಿ ಮಾಡದಿದ್ದರೆ ಅಲ್ಲೇ ಬಟ್ಟೆ ಗುಬ್ಬಳಿಸುತ್ತದೆ.

ಅಗಲಕ್ಕಿಂತ ಹೆಚ್ಚಾಗಿ ಎಡವುವುದು ಉದ್ದದಲ್ಲಿ. ಭುಜದಿಂದ ಟೇಪನ್ನು ಎದೆಯ ಮೇಲೆ ಹಾಯಿಸಿ ಕೆಳಗಿನ ಮಡಿಕೆಯವರೆಗೆ ಅಳೆದರೆ ಹದಿನಾಲ್ಕು ಇಂಚು ಬರುವವರಿಗೆ, ಬೆನ್ನಿನ ಅಳತೆ ಹದಿಮೂರೇ ಇರಬಹುದು. ಮುಂದಕ್ಕೂ ಹದಿಮೂರೇ ಕತ್ತರಿಸಿದರೆ ಜೋಡಣೆಯ ಹೊಲಿಗೆ ಎದೆಯ ಮೇಲೆ ಹತ್ತಿ ಕೂರುತ್ತದೆ. ಆಗ ಟೈಲರ್ ಪಕ್ಕ ಬಿಚ್ಚಿ ಸಡಿಲ ಮಾಡುತ್ತಾರೆ, ಕೈ ಎತ್ತಿದರೆ ಅದು ಮತ್ತೆ ಮೇಲೇರುತ್ತದೆ. ಸುಕ್ಕಿನ ದಿಕ್ಕು ನೋಡಿದರೆ ರೋಗ ತಿಳಿಯುತ್ತದೆ: ಎದೆಯ ತುದಿಯಿಂದ ಪಕ್ಕಕ್ಕೆ ಅಡ್ಡಡ್ಡ ಎಳೆತವಿದ್ದರೆ ಅಗಲ ಸಾಲದು, ಕೆಳಗಿನ ಜೋಡಣೆಯೇ ಮಧ್ಯದಲ್ಲಿ ಮೇಲಕ್ಕೆ ಬಾಗಿದ್ದರೆ ಉದ್ದ ಸಾಲದು.

ಜಾರ್ಜೆಟ್ ಜಾರುವ ಬಟ್ಟೆ, ಒಳಗಿನ ಮಾರ್ಜಿನ್ನೂ ಹೊರಗೆ ಕಾಣುತ್ತದೆ. ಹಾಗಾಗಿ ಯೋಕ್‌ನ ಪ್ರತಿ ತುಂಡನ್ನೂ ಅದೇ ಅಳತೆಯ ಕಾಟನ್ ಲೈನಿಂಗ್ ಮೇಲಿಟ್ಟು, ಸುತ್ತ ಕೈಹೊಲಿಗೆಯಲ್ಲಿ ಕಚ್ಚು ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂಬಂತೆ ಹೊಲಿಯಬೇಕು. ಲೈನಿಂಗ್ ನೀರಿನಲ್ಲಿ ನೆನೆದು ಒಣಗಿರಲಿ, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಮೇಲಿನ ಜಾರ್ಜೆಟ್ ನಿರಿಗೆಗಟ್ಟುತ್ತದೆ. ಘೇರಿನ ಲೈನಿಂಗ್ ಮಾತ್ರ ಬೇರೆಯೇ: ನಾಲ್ಕು ಇಂಚು ತಲೆಯ ಎಂಟು ಕಲಿ ಸಾಕು, ಮೇಲಿನದಕ್ಕಿಂತ ಒಂದೆರಡು ಇಂಚು ಗಿಡ್ಡವಾಗಿ, ಯೋಕ್‌ನ ಜೋಡಣೆಗಷ್ಟೇ ಸೇರಿ ಸ್ವತಂತ್ರವಾಗಿ ತೂಗಬೇಕು. ಇಷ್ಟೆಲ್ಲದರ ಭಾರ ಬೀಳುವುದು ಆ ಒಂದು ಜೋಡಣೆಯ ಮೇಲೆ. ಅಲ್ಲಿ 32 ಇಂಚಿನ ತೆಳು ಕಾಟನ್ ಟೇಪ್ ಸೇರಿಸಿ ಹೊಲಿದರೆ ಹಿಗ್ಗುವುದಿಲ್ಲ.

ಹೊಲಿಸಲು ಕೊಡುವಾಗ ಟೈಲರ್ ಬಳಿ ಎರಡು ಮಾತು ಹೇಳಿ: ಪಕ್ಕದಲ್ಲಿ ಒಂದು ಇಂಚು ಮಾರ್ಜಿನ್ ಇರಲಿ, ಕಲಿ ಜೋಡಿಸುವ ಮುನ್ನ ಬರೀ ಯೋಕ್ ಟ್ರಯಲ್ ಕೊಡಿ. ಟ್ರಯಲ್‌ಗೆ ಹೋಗುವಾಗ ಅನಾರ್ಕಲಿಯ ಒಳಗೆ ಹಾಕುವ ಒಳ ಉಡುಪನ್ನೇ ಹಾಕಿಕೊಂಡು ಹೋಗಿ. ಅದು ಬದಲಾದರೆ ಎದೆಯ ತುದಿಯ ಜಾಗವೂ ಬದಲಾಗುತ್ತದೆ.